ಪಾಲಿಗೆ ಬಂದ ಭಾರ: ಸ್ಲ್ಯಾಬಿನಿಂದ ಬೀಮಿಗೆ, ಬೀಮಿನಿಂದ ಕಂಬಕ್ಕೆ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಕಟ್ಟಡದ ಬಗ್ಗೆ ಕನ್ನಡದಲ್ಲಿ ಒಂದು ಗಂಟೆ ಮಾತಾಡಬೇಕೆಂದು ಕೇಳಿದಿರಿ. ವಿಷಯ ಒಂದೇ ಇರಲಿ, ಅದನ್ನು ಪೂರ್ತಿಯಾಗಿ ಹೇಳೋಣ ಎಂದು ತೀರ್ಮಾನಿಸಿದ್ದೇನೆ. ನಮ್ಮ ತಲೆಯ ಮೇಲಿನ ಸ್ಲ್ಯಾಬಿನ ಭಾರ ಯಾವ ಬೀಮಿಗೆ ಎಷ್ಟು ಹೋಗುತ್ತದೆ, ಆ ಬೀಮಿನಿಂದ ಯಾವ ಕಂಬಕ್ಕೆ ಎಷ್ಟು ಇಳಿಯುತ್ತದೆ? ಇದು ಇಂಜಿನಿಯರಿಂಗ್ ಓದಿದವರಿಗೆ ಮೊದಲ ಪಾಠಗಳಲ್ಲಿ ಒಂದು. ಆದರೆ ಮನೆ ಕಟ್ಟಿಸುವವರು, ಮೇಸ್ತ್ರಿಗಳು, ಅಂಗಡಿ ಮೇಲೆ ಗೋದಾಮು ಮಾಡುವವರು ಇದನ್ನು ತಿಳಿಯದೆ ಇರುವುದರಿಂದಲೇ ನಮ್ಮ ಊರುಗಳಲ್ಲಿ ಹೆಚ್ಚಿನ ಬಿರುಕುಗಳು ಹುಟ್ಟುತ್ತವೆ. ಹಾಗಾಗಿ ಅವರಿಗಾಗಿಯೇ ಮಾತಾಡುತ್ತೇನೆ.

ಮೊದಲು ನಮ್ಮ ಹಳೆಯ ಮಾಳಿಗೆ ಮನೆಯಿಂದ ಶುರು ಮಾಡುತ್ತೇನೆ. ಕೃಷ್ಣಾ ನದಿಯ ಈಚೆಗೂ ಆಚೆಗೂ, ರಾಯಚೂರು, ಯಾದಗಿರಿ ಕಡೆಗೂ ಮಣ್ಣಿನ ಮಾಳಿಗೆಯ ರಚನೆ ಹೆಚ್ಚುಕಡಿಮೆ ಒಂದೇ. ಕಂಬಗಳ ಮೇಲೆ ತೊಲೆ. ತೊಲೆಯಿಂದ ತೊಲೆಗೆ ಅಡ್ಡಲಾಗಿ ಜಂತೆಗಳು. ಜಂತೆಯ ಮೇಲೆ ಹಲಗೆ ಅಥವಾ ಸಣ್ಣ ಕಟ್ಟಿಗೆ, ಅದರ ಮೇಲೆ ಗೇಣುದ್ದಕ್ಕಿಂತ ಹೆಚ್ಚು ದಪ್ಪದ ಮಣ್ಣು. ಈ ಮಣ್ಣು 250 ಮಿಲಿಮೀಟರ್ ಇದ್ದರೆ ಒಂದು ಚದರ ಮೀಟರಿಗೆ ಸುಮಾರು 450 ಕಿಲೋ ತೂಗುತ್ತದೆ. ಅದು ಎತ್ತ ಹೋಗುತ್ತದೆ? ಮಣ್ಣಿನ ಭಾರ ಜಂತೆಗೆ, ಜಂತೆಯ ಎರಡು ತುದಿಯಿಂದ ಎರಡು ತೊಲೆಗೆ, ತೊಲೆಯ ಎರಡು ತುದಿಯಿಂದ ಎರಡು ಕಂಬಕ್ಕೆ. ಜಂತೆ ಹಾಯ್ದಿರುವ ದಿಕ್ಕಿನಲ್ಲಷ್ಟೇ ಭಾರ ಹೋಗುತ್ತದೆ; ಜಂತೆಗೆ ಸಮಾಂತರವಾಗಿರುವ ಪಕ್ಕದ ಗೋಡೆಗೆ ಮಾಳಿಗೆಯ ಭಾರ ಹೆಚ್ಚೇನೂ ತಟ್ಟುವುದಿಲ್ಲ. ಇಂಜಿನಿಯರುಗಳು ಒನ್-ವೇ ಸ್ಲ್ಯಾಬ್ ಎನ್ನುವುದು ಇದೇ ನಡವಳಿಕೆಗೆ.

ಈಗ ಲೆಕ್ಕ. ತೊಲೆಯಿಂದ ತೊಲೆಗೆ 2.4 ಮೀಟರ್ ಇದೆ ಎನ್ನಿ. ಒಂದು ಜಂತೆಯ ಮೇಲಿನ ಮಣ್ಣಿನ ಅರ್ಧ ಭಾರ ಈ ತೊಲೆಗೆ, ಅರ್ಧ ಆ ತೊಲೆಗೆ. ಹಾಗಾಗಿ ನಡುವಿನ ತೊಲೆಗೆ ಎಡಗಡೆಯಿಂದ 1.2, ಬಲಗಡೆಯಿಂದ 1.2, ಒಟ್ಟು 2.4 ಮೀಟರ್ ಅಗಲದ ಮಾಳಿಗೆ ಪಾಲಿಗೆ ಬರುತ್ತದೆ. 450ನ್ನು 2.4ರಿಂದ ಗುಣಿಸಿದರೆ ತೊಲೆಯ ಒಂದೊಂದು ಮೀಟರ್ ಉದ್ದಕ್ಕೆ 1080 ಕಿಲೋ. ಕಂಬದಿಂದ ಕಂಬಕ್ಕೆ 3 ಮೀಟರ್ ಇದ್ದರೆ ನಡುವಿನ ಕಂಬಕ್ಕೆ ಎರಡೂ ಕಡೆಯ ತೊಲೆಯಿಂದ ಒಂದೂವರೆ, ಒಂದೂವರೆ ಮೀಟರಿನ ಪಾಲು ಸೇರಿ 3240 ಕಿಲೋ. ಬೇರೆ ದಾರಿಯಿಂದ ನೋಡಿ: ಆ ಕಂಬದ ಪಾಲಿನ ಜಾಗ 2.4 ಗುಣಿಸು 3, ಅಂದರೆ 7.2 ಚದರ ಮೀಟರ್. ಅದಕ್ಕೆ 450ರಂತೆ 3240. ಉತ್ತರ ಅದೇ. ಟ್ರಿಬ್ಯುಟರಿ ಏರಿಯಾ ಎಂದು ಪಠ್ಯಪುಸ್ತಕ ಹೇಳುವುದು ಈ ಪಾಲಿನ ಜಾಗಕ್ಕೆ. ಎರಡು ಆಧಾರಗಳ ನಟ್ಟನಡುವೆ ಗೆರೆ ಎಳೆಯಿರಿ, ಗೆರೆಯ ಈಚೆಯದು ಇವನಿಗೆ, ಆಚೆಯದು ಅವನಿಗೆ. ಅಣ್ಣ ತಮ್ಮಂದಿರು ಹೊಲ ಹಂಚಿಕೊಂಡು ಬದು ಹಾಕಿದ ಹಾಗೆ.

ಮಾಳಿಗೆ ಮನೆಯಲ್ಲಿ ಈ ಲೆಕ್ಕ ಚಾಚೂ ತಪ್ಪುವುದಿಲ್ಲ. ಕಾರಣವಿದೆ. ಒಂದೊಂದು ಜಂತೆಯೂ ಬಿಡಿ ಕಟ್ಟಿಗೆ. ಒಂದು ತೊಲೆಯ ಮೇಲೆ ಶುರುವಾಗಿ ಇನ್ನೊಂದರ ಮೇಲೆ ಮುಗಿಯುತ್ತದೆ. ಪಕ್ಕದ ಅಂಕಣದ ಜಂತೆಗೂ ಇದಕ್ಕೂ ಸಂಬಂಧವಿಲ್ಲ. ಬಿಡಿ ಕಟ್ಟಿಗೆಯ ಮೇಲೆ ಒಂದೇ ಸಮನಾದ ಭಾರ ಹಾಕಿದರೆ ಅದು ಎರಡು ತುದಿಗೂ ಸರಿಯಾಗಿ ಅರ್ಧರ್ಧ ಹೋಗಲೇಬೇಕು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಆರ್‌ಸಿಸಿ ಕಟ್ಟಡಕ್ಕೆ ಬರೋಣ. ನಮ್ಮ ಪೇಟೆಗಳಲ್ಲಿ ಸಾಮಾನ್ಯವಾಗಿ ಕಾಣುವಂಥ ಒಂದು ಕಟ್ಟಡವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅಗಲ 7 ಮೀಟರ್, ಉದ್ದ 12 ಮೀಟರ್. ಕೆಳಗೆ ಅಂಗಡಿ, ಮೇಲೆ ಮನೆ. ನಡುವೆ ಕಂಬ ಬೇಡ, ಹಾಲ್ ಬಿಚ್ಚಿಕೊಂಡಿರಲಿ ಎನ್ನುವುದು ಮಾಲೀಕರ ಆಸೆ. ಹಾಗಾಗಿ 7 ಮೀಟರ್ ಅಗಲಕ್ಕೆ ಅಡ್ಡಲಾಗಿ 3 ಮೀಟರಿಗೊಂದರಂತೆ 5 ಬೀಮುಗಳು. ಅವುಗಳ ತುದಿಗಳಲ್ಲಿ ಒಂದು ಬದಿಗೆ 5, ಇನ್ನೊಂದು ಬದಿಗೆ 5, ಒಟ್ಟು 10 ಪಿಲ್ಲರ್. ಪಿಲ್ಲರುಗಳನ್ನು ಉದ್ದಕ್ಕೆ ಕಟ್ಟುವ ಎರಡು ಸಾಲು ಬೀಮು. ಬೀಮುಗಳ ನಡುವೆ 3 ಗುಣಿಸು 7 ಮೀಟರಿನ 4 ಅಂಕಣ.

ಭಾರತೀಯ ಮಾನಕ ಐಎಸ್ 456ರ ಪ್ರಕಾರ ನಾಲ್ಕೂ ಬದಿಗೆ ಆಧಾರವಿರುವ ಅಂಕಣದ ಉದ್ದ ಅದರ ಅಗಲದ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಅದನ್ನು ಒಂದೇ ದಿಕ್ಕಿನ ಸ್ಲ್ಯಾಬ್ ಎಂದು ಲೆಕ್ಕ ಹಿಡಿಯುತ್ತೇವೆ. ಇಲ್ಲಿ 7ನ್ನು 3ರಿಂದ ಭಾಗಿಸಿದರೆ 2.33. ಭಾರ ಹತ್ತಿರದ ಆಧಾರವನ್ನೇ ಹುಡುಕುತ್ತದೆ, ಅಂದರೆ 3 ಮೀಟರಿನ ದಿಕ್ಕಿನಲ್ಲಿ ಅಡ್ಡ ಬೀಮುಗಳಿಗೆ ಹೋಗುತ್ತದೆ. ಮುಖ್ಯ ಕಂಬಿಗಳು ಈ 3 ಮೀಟರಿನ ದಿಕ್ಕಿಗೇ ಇರಬೇಕು, ಸ್ಲ್ಯಾಬಿನ ತಳಭಾಗದಲ್ಲಿ ಎಲ್ಲಕ್ಕಿಂತ ಕೆಳಗೆ ಇರಬೇಕು. 7 ಮೀಟರಿನ ದಿಕ್ಕಿನ ಕಂಬಿ ಅದರ ಮೇಲೆ ಕೂರುವ ಹಂಚಿಕೆ ಕಂಬಿ ಮಾತ್ರ. ಅದು ಕಡಿಮೆ ಇರುತ್ತದೆ. ಉದ್ದ ಹೆಚ್ಚಿರುವ ಕಡೆಗೇ ಹೆಚ್ಚು ಕಂಬಿ ಬೇಕು ಎಂದು ತಿಳಿದು ಎರಡನ್ನೂ ಅದಲುಬದಲು ಮಾಡಿದರೆ ಆ ಸ್ಲ್ಯಾಬಿಗೆ ಬೇಕಾದ ಕಡೆ ಬಲವೇ ಇರುವುದಿಲ್ಲ. ಕಾಂಕ್ರೀಟ್ ಹಾಕುವ ಮುಂಚೆ ಮಾಳಿಗೆ ಹತ್ತಿ ಮನೆಯವರು ತಾವೇ ನೋಡಬಹುದಾದ ಸಂಗತಿ ಇದು: ದಟ್ಟವಾಗಿರುವ ಕಂಬಿ ಯಾವ ದಿಕ್ಕಿಗಿದೆ, ಕೆಳಗಿದೆಯೋ ಮೇಲಿದೆಯೋ.

ಭಾರದ ಲೆಕ್ಕ ಹೀಗೆ. ಸ್ಲ್ಯಾಬ್ 125 ಮಿಲಿಮೀಟರ್ ದಪ್ಪ. ಆರ್‌ಸಿಸಿ ಘನ ಮೀಟರಿಗೆ 2500 ಕಿಲೋ ತೂಗುವುದರಿಂದ ಚದರ ಮೀಟರಿಗೆ ಸುಮಾರು 310 ಕಿಲೋ. ನೆಲಕ್ಕೆ ತಾಂಡೂರು ಕಲ್ಲು ಹಾಸಿ ಅದರ ಕೆಳಗೆ ಗಾರೆ ಹಾಕಿದರೆ 150 ಕಿಲೋ. ಮನೆಯ ಜನ, ಸಾಮಾನು ಇವುಗಳಿಗೆ ಮಾನಕ ಹೇಳುವುದು 200 ಕಿಲೋ. ಒಟ್ಟು 660. ನಮ್ಮ ಅಜ್ಜಂದಿರ ಮಣ್ಣಿನ ಮಾಳಿಗೆ ಎಷ್ಟು ಭಾರವಿತ್ತು ಎನ್ನುವುದು ಇಲ್ಲಿ ಹೋಲಿಸಿದರೆ ತಿಳಿಯುತ್ತದೆ. ಸ್ಲ್ಯಾಬಿಗಿಂತ ಮಣ್ಣೇ ಹೆಚ್ಚು ತೂಗುತ್ತಿತ್ತು. ಪ್ರತಿ ಮಳೆಗಾಲಕ್ಕೂ ಮುನ್ನ ಮೇಲೆ ಹೊಸ ಮಣ್ಣು ಹಾಕುತ್ತಾ ಹೋದವರ ತೊಲೆಗಳು ಬಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ನಡುವಿನ ಒಂದು ಬೀಮಿಗೆ ಪಾಲಿನ ಅಗಲ 3 ಮೀಟರ್. 660 ಗುಣಿಸು 3, ಅಂದರೆ ಮೀಟರಿಗೆ 1980 ಕಿಲೋ. ಬೀಮು 230 ಅಗಲ, 600 ಆಳ. ಸ್ಲ್ಯಾಬಿನ ಕೆಳಗೆ ಇಳಿದಿರುವ ಭಾಗದ ತೂಕ ಮೀಟರಿಗೆ ಸುಮಾರು 270. ಒಟ್ಟು 2250. ಬೀಮಿನ ಉದ್ದ 7 ಮೀಟರ್, ಎರಡು ತುದಿಗೆ ಅರ್ಧರ್ಧ. ಒಂದು ಪಿಲ್ಲರಿಗೆ 7875 ಕಿಲೋ, ಹೆಚ್ಚುಕಡಿಮೆ 7.9 ಟನ್. ಇದು ಪಾಲಿನ ಜಾಗದ ಲೆಕ್ಕ. ಹೆಚ್ಚಿನ ಕಡೆ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಇಲ್ಲಿಗೆ ನಿಲ್ಲಿಸಬಾರದು. ಜಂತೆಯ ಬಗ್ಗೆ ನೆನಪಿಡಿ ಎಂದೆನಲ್ಲ, ಅದು ಈಗ ಬರುತ್ತದೆ. ಜಂತೆ ಬಿಡಿ ತುಂಡು. ಸ್ಲ್ಯಾಬ್ ಹಾಗಲ್ಲ, 12 ಮೀಟರ್ ಉದ್ದಕ್ಕೂ ಒಂದೇ ದಿನ ಸುರಿದ ಒಂದೇ ಹಾಸು. 5 ಬೀಮುಗಳ ಮೇಲೆ ಅಖಂಡವಾಗಿ ಹಾಯುತ್ತದೆ. ಕೊನೆಯ ಅಂಕಣವನ್ನು ಗಮನಿಸಿ. ಅದರ ಹೊರತುದಿ ಕೊನೆಯ ಬೀಮಿನ ಮೇಲೆ ಸುಮ್ಮನೆ ಕೂತಿದೆ, ಸುಲಭವಾಗಿ ತಿರುಗಬಲ್ಲದು. ಒಳತುದಿ ಎರಡನೆಯ ಬೀಮನ್ನು ದಾಟಿ ಮುಂದಿನ ಅಂಕಣದ ಜೊತೆ ಬೆಸೆದುಕೊಂಡಿದೆ, ತಿರುಗಲಾರದು. ಎಲ್ಲಿ ಬಿಗಿಯೋ ಅಲ್ಲಿಗೆ ಭಾರ ಹೆಚ್ಚು ಹೋಗುತ್ತದೆ. ಆದ್ದರಿಂದ ಪಾಲಿನ ಗೆರೆ ನಟ್ಟನಡುವೆ ನಿಲ್ಲದೆ ಹೊರಗಡೆಗೆ ಸರಿಯುತ್ತದೆ. ನಾಲ್ಕು ಸಮ ಅಂಕಣಗಳಿಗೆ ಕರಾರುವಾಕ್ಕಾಗಿ ಲೆಕ್ಕ ಹಾಕಿದರೆ, ಒಂದು ಅಂಕಣದ ಭಾರವನ್ನು 1 ಎಂದು ಇಟ್ಟುಕೊಂಡಾಗ, ಕೊನೆಯ ಬೀಮಿಗೆ 0.5ರ ಬದಲು 0.393, ಎರಡನೆಯದಕ್ಕೆ 1ರ ಬದಲು 1.143, ನಟ್ಟನಡುವಿನದಕ್ಕೆ 0.929. ಐದನ್ನೂ ಕೂಡಿಸಿದರೆ 4 ಅಂಕಣದ ಭಾರವೇ ಬರುತ್ತದೆ. ಭಾರ ಹೊಸದಾಗಿ ಹುಟ್ಟಿಲ್ಲ, ಹಂಚಿಕೆ ಬದಲಾಗಿದೆ.

ಒಮ್ಮೆ ಗದ್ವಾಲದ ಕಡೆ ಕೆಲಸ ನಡೆಯುತ್ತಿದ್ದಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಕೇಳಿದರು, “ಸರ, ನಡೂಕಿನ ಬೀಮಿಗೆ ಬಿಟ್ಟು ಎರಡ್ನೇದಕ್ಕ ಯಾಕ ಜಾಸ್ತಿ ಕಬ್ಬಿಣ ಬರ್ದೀರಿ? ತಪ್ಪಾಗೇತೇನು?” ಒಳ್ಳೆಯ ಪ್ರಶ್ನೆ. ಇಡೀ ಕಟ್ಟಡದ ನಡುವೆ ಇರುವುದಕ್ಕೇ ಹೆಚ್ಚು ಭಾರ ಎಂದು ಕಣ್ಣಿಗೆ ಅನಿಸುತ್ತದೆ. ಆದರೆ ಹೆಚ್ಚು ಹೊರುವುದು ಕೊನೆಯಿಂದ ಎರಡನೆಯದು. ನಮ್ಮ ಕಟ್ಟಡದಲ್ಲಿ ಅದಕ್ಕೆ ಮೀಟರಿಗೆ 1980ರ ಬದಲು 2263 ಕಿಲೋ ಸ್ಲ್ಯಾಬಿನಿಂದ ಬರುತ್ತದೆ. ಬೀಮಿನ ತೂಕ ಸೇರಿಸಿ ಒಂದು ಪಿಲ್ಲರಿಗೆ ಸುಮಾರು 8.9 ಟನ್. ಪಾಲಿನ ಜಾಗದ ಲೆಕ್ಕಕ್ಕಿಂತ ಒಂದು ಟನ್ ಹೆಚ್ಚು, ಅದೂ ಒಂದೇ ಮಹಡಿಗೆ. ಅಂಕಣಗಳು ಎರಡೇ ಇದ್ದರೆ ವ್ಯತ್ಯಾಸ ಇನ್ನೂ ದೊಡ್ಡದು: ನಡುವಿನ ಬೀಮಿಗೆ 1ರ ಬದಲು 1.25. ಐಎಸ್ 456ರಲ್ಲೇ ಇದಕ್ಕಾಗಿ ಗುಣಕಗಳ ಕೋಷ್ಟಕ ಇದೆ. ಎರಡನೆಯ ಆಧಾರಕ್ಕೆ ಸ್ಥಿರ ಭಾರದ 0.6 ಒಂದು ಕಡೆಯಿಂದ, 0.55 ಇನ್ನೊಂದು ಕಡೆಯಿಂದ. ಎರಡೂ ಸೇರಿ 1.15. ಕೈಲೆಕ್ಕ ಹಾಕುವವರಿಗೆ ಅಷ್ಟು ಸಾಕು.

ಹಾಗಾದರೆ ಕೊನೆಯ ಬೀಮು ಹಗುರವೇ? ಸ್ಲ್ಯಾಬಿನ ಲೆಕ್ಕದಲ್ಲಿ ಹೌದು. ಆದರೆ ಅದರ ಮೇಲೆ ಹೊರಗೋಡೆ ಕೂರುತ್ತದೆ. 230 ಮಿಲಿಮೀಟರ್ ದಪ್ಪದ ಇಟ್ಟಿಗೆ ಗೋಡೆ ಎರಡೂವರೆ ಮೀಟರ್ ಎತ್ತರಕ್ಕೆ ಮೀಟರಿಗೆ 1150 ಕಿಲೋ. ಸ್ಲ್ಯಾಬಿನ ಅರ್ಧ ಪಾಲು 990, ಬೀಮು 270, ಗೋಡೆ 1150, ಒಟ್ಟು 2400 ದಾಟುತ್ತದೆ. ನಡುವಿನ ಬೀಮಿಗಿಂತ ಹೆಚ್ಚಾಯಿತು. ಉದ್ದದ ಬೀಮುಗಳ ಕಥೆಯೂ ಇದೇ. ಒಂದೇ ದಿಕ್ಕಿನ ಸ್ಲ್ಯಾಬ್ ಅವುಗಳಿಗೆ ಭಾರ ಕೊಡುವುದಿಲ್ಲ ಎಂದು ಹೇಳಿ ಹಗುರವಾಗಿ ಬಿಡುತ್ತಾರೆ. ಗೋಡೆ ಮತ್ತು ಸ್ವಂತ ತೂಕ ಸೇರಿ ಅವು ಮೀಟರಿಗೆ 1300 ಕಿಲೋ ಮೇಲೆಯೇ ಹೊರುತ್ತವೆ. ನಡುವಿನ ಪ್ರತಿ ಪಿಲ್ಲರಿಗೂ ಸುಮಾರು 4 ಟನ್ ತಂದು ಇಳಿಸುತ್ತವೆ. ಹೀಗೆ ಎರಡನೆಯ ಪಿಲ್ಲರಿಗೆ ಒಂದು ಮಹಡಿಯಿಂದ 12.9 ಟನ್. ಮೂಲೆಯ ಪಿಲ್ಲರಿಗೆ ಪಾಲಿನ ಜಾಗ ಅರ್ಧವೇ ಆದರೂ ಭಾರ ಅರ್ಧ ಅಲ್ಲ, 10 ಟನ್ ಮೀರುತ್ತದೆ. ಜಾಗವನ್ನಷ್ಟೇ ಅಳೆದು ಪಾಯ ತೋಡಿಸಿದರೆ ಮೂಲೆಗೆ ಕಡಿಮೆ ಬೀಳುತ್ತದೆ. ನಮ್ಮ ಎರೆಮಣ್ಣಿನಲ್ಲಿ ಮೊದಲು ಕುಗ್ಗಿ ಬಿರುಕು ತೋರಿಸುವುದು ಅನೇಕ ಕಡೆ ಮೂಲೆಯೇ ಆಗಿರುವುದಕ್ಕೆ ಮಳೆ ನೀರು ಒಂದು ಕಾರಣವಾದರೆ ಇದು ಇನ್ನೊಂದು.

ಇನ್ನೊಂದು ಸೂಕ್ಷ್ಮ ಹೇಳಿಬಿಡುತ್ತೇನೆ. ಉದ್ದದ ಬೀಮಿನ ಪಕ್ಕದಲ್ಲಿರುವ ಸ್ಲ್ಯಾಬಿನ ತುಂಡಿಗೆ ಅಡ್ಡ ಬೀಮಿಗಿಂತ ಈ ಬೀಮೇ ಹತ್ತಿರ. ಅಲ್ಲಿನ ಒಂದು ತ್ರಿಕೋನದಷ್ಟು ಭಾರ, 3 ಮೀಟರ್ ತಳ, ಒಂದೂವರೆ ಮೀಟರ್ ಎತ್ತರ, ಉದ್ದದ ಬೀಮಿಗೇ ಹೋಗುತ್ತದೆ. ಒಂದೇ ದಿಕ್ಕಿನದು ಎನ್ನುವುದು ನಾವು ಮಾಡಿಕೊಂಡ ಅನುಕೂಲ, ಸ್ಲ್ಯಾಬ್ ಅದನ್ನು ಪೂರ್ತಿ ಒಪ್ಪಿಲ್ಲ. ಅಡ್ಡ ಬೀಮಿಗೆ ಎಲ್ಲ ಭಾರವನ್ನೂ ಲೆಕ್ಕ ಹಿಡಿದಿರುವುದರಿಂದ ಅಪಾಯವೇನೂ ಇಲ್ಲ. ಆದರೆ ಉದ್ದದ ಬೀಮಿನ ಮೇಲೆ ಸ್ಲ್ಯಾಬಿನ ಮೇಲ್ಭಾಗದಲ್ಲಿ ಒಂದಿಷ್ಟು ಕಂಬಿ ಇಡದಿದ್ದರೆ ಅಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ.

ಮೇಲ್ಭಾಗದ ಕಂಬಿಯ ಮಾತು ಬಂದಿದ್ದರಿಂದ ನಾನು ಅತಿ ಹೆಚ್ಚು ನೋಡಿರುವ ದೋಷವನ್ನು ಹೇಳಬೇಕು. ಸ್ಲ್ಯಾಬ್ ಅಖಂಡವಾಗಿ ಬೀಮನ್ನು ದಾಟುವ ಕಡೆ ಅದರ ಮೇಲ್ಮೈ ಎಳೆತಕ್ಕೆ ಸಿಗುತ್ತದೆ. ಅದಕ್ಕೇ ಅಲ್ಲಿ ಮೇಲುಗಡೆ ಕಂಬಿ. ಕಾಂಕ್ರೀಟ್ ಹಾಕುವ ದಿನ ಬುಟ್ಟಿ ಹೊತ್ತವರು ಆ ಕಂಬಿಗಳ ಮೇಲೆಯೇ ಓಡಾಡುತ್ತಾರೆ. ಕೆಳಗೆ ಕುರ್ಚಿ ಕಂಬಿ ಇಟ್ಟಿರದಿದ್ದರೆ ಅವು ತುಳಿದು ತುಳಿದು ಕೆಳಕ್ಕೆ ಇಳಿಯುತ್ತವೆ. ಸ್ಲ್ಯಾಬ್ ಗಟ್ಟಿಯಾದ ಮೇಲೆ ಏನೂ ಕಾಣುವುದಿಲ್ಲ. ಒಂದೆರಡು ವರ್ಷದಲ್ಲಿ ಬೀಮಿನ ನೇರಕ್ಕೆ ಮೇಲ್ಗಡೆ ಬಿರುಕು ಕಾಣುತ್ತದೆ. ಆಗ ಒಳಗೆ ಏನಾಗಿದೆ ಗೊತ್ತೇ? ಸ್ಲ್ಯಾಬ್ ಬೀಮಿನ ಮೇಲೆ ಬಿಗಿತ ಕಳೆದುಕೊಂಡು ಬಿಡಿ ಜಂತೆಗಳ ಹಾಗೆ ಆಗಿಬಿಟ್ಟಿದೆ. ಹಂಚಿಕೆ ಮತ್ತೆ ಅರ್ಧರ್ಧಕ್ಕೆ ಮರಳುತ್ತದೆ, ಎರಡನೆಯ ಬೀಮಿಗೆ ಭಾರ ಕಡಿಮೆಯೇ ಆಗುತ್ತದೆ. ಕಷ್ಟ ಬೀಳುವುದು ಸ್ಲ್ಯಾಬಿಗೆ. ಕೊನೆಯ ಅಂಕಣದ ನಡುವೆ ಮಾನಕದ ಗುಣಕಗಳಂತೆ ಮೀಟರ್ ಅಗಲಕ್ಕೆ 525 ಕಿಲೋ-ಮೀಟರಿನಷ್ಟು ಬಾಗುಬಲಕ್ಕೆ ಕಂಬಿ ಇಟ್ಟಿದ್ದೆವು; ಈಗ ಅದು 742ಕ್ಕೆ ಏರುತ್ತದೆ. ನೂರಕ್ಕೆ ನಲವತ್ತು ಹೆಚ್ಚು. ಸ್ಲ್ಯಾಬ್ ಕೂಡಲೇ ಬೀಳುವುದಿಲ್ಲ, ನಾವು ಒಂದೂವರೆ ಪಟ್ಟು ಭದ್ರತೆ ಇಟ್ಟಿರುತ್ತೇವೆ. ಆದರೆ ಆ ಭದ್ರತೆ ಬಹುತೇಕ ಅಲ್ಲೇ ಕರಗಿಹೋಯಿತು, ಬಿರುಕಿನಲ್ಲಿ ನೀರು ಇಳಿದು ಕಂಬಿ ತುಕ್ಕು ಹಿಡಿಯುವುದೂ ಶುರುವಾಯಿತು. ಮೇಲೆ ಸಿಮೆಂಟ್ ಹಾಲು ಬಳಿದರೆ ಇದಾವುದೂ ಸರಿಹೋಗುವುದಿಲ್ಲ.

ಬಿರುಕನ್ನು ಓದುವುದಕ್ಕೆ ಇನ್ನೆರಡು ಗುರುತು. ಬೀಮಿನ ನಡುವೆ ತಳದಿಂದ ನೆಟ್ಟಗೆ ಮೇಲೇರುವ ಬಿರುಕು ಬಾಗುವಿಕೆಯದು. ಪಿಲ್ಲರಿನ ಹತ್ತಿರ ಓರೆಯಾಗಿ ಏರುವ ಬಿರುಕು ಬೀಮಿನ ತುದಿಯ ಪ್ರತಿಕ್ರಿಯೆ ಅಳತೆ ಮೀರಿದ್ದಕ್ಕೆ ಸಾಕ್ಷಿ. ಎರಡನೆಯದು ಕಂಡರೆ ಆ ಬೀಮಿನ ಮೇಲಿನ ಸಾಮಾನನ್ನು ಅವತ್ತೇ ಇಳಿಸಿ ಇಂಜಿನಿಯರನ್ನು ಕರೆಸಿ. ಕಾಯುವಂಥದಲ್ಲ.

ಸಾಮಾನು ಎಂದಾಗ ತೊಗರಿ ಚೀಲಗಳು ನೆನಪಾಗದೆ ಇರುವುದಿಲ್ಲ. ಮನೆಗೆಂದು 200 ಕಿಲೋ ಲೆಕ್ಕ ಹಿಡಿದ ಕೋಣೆಯಲ್ಲಿ ಸುಗ್ಗಿಯ ಮೇಲೆ ಚೀಲ ಒಟ್ಟುತ್ತಾರೆ. 50 ಕಿಲೋ ಚೀಲ ಮಲಗಿಸಿದರೆ ಅರ್ಧ ಚದರ ಮೀಟರಿಗಿಂತ ಕಡಿಮೆ ಜಾಗ ಹಿಡಿಯುತ್ತದೆ. ಆರು ಚೀಲದ ಒಟ್ಟಿಲು 300 ಕಿಲೋ, ಚದರ ಮೀಟರಿಗೆ 600 ಕಿಲೋ ದಾಟಿತು. ಗೋದಾಮಿಗೆ ಮಾನಕ ಕನಿಷ್ಠ 750 ಕಿಲೋ ಹಿಡಿಯಿರಿ ಎನ್ನುವುದು ಇದಕ್ಕೇ. “ಗೋಡೆ ಪಕ್ಕ ಇಟ್ಟೀವ್ರಿ, ಏನಾಗಂಗಿಲ್ಲ” ಎನ್ನುತ್ತಾರೆ. ಯಾವ ಗೋಡೆ ಎನ್ನುವುದರ ಮೇಲೆ ಇದೆ. ಉದ್ದದ ಗೋಡೆಯ ಪಕ್ಕ, ಅಡ್ಡ ಬೀಮಿನ ನೇರಕ್ಕೆ ಒಂದು ಮೀಟರ್ ಒಳಗೆ 2100 ಕಿಲೋ ಇಟ್ಟರೆ, 7 ಮೀಟರಿನ ಬೀಮಿನಲ್ಲಿ ಅದರ 7ರಲ್ಲಿ 6 ಪಾಲು, ಅಂದರೆ 1800 ಕಿಲೋ, ಹತ್ತಿರದ ಪಿಲ್ಲರಿಗೆ ಹೋಗುತ್ತದೆ, 300 ದೂರದ್ದಕ್ಕೆ. ಬೀಮು ಹೆಚ್ಚು ಬಾಗುವುದಿಲ್ಲ. ಅಷ್ಟನ್ನೇ ಹಾಲಿನ ನಡುವೆ, ಎರಡು ಬೀಮುಗಳ ಮಧ್ಯೆ ಇಟ್ಟರೆ ಸ್ಲ್ಯಾಬೂ ಬಾಗುತ್ತದೆ, ಬೀಮುಗಳೂ ಬಾಗುತ್ತವೆ. ಆಮೇಲೆ ಕಟ್ಟುವ ಅಡ್ಡಗೋಡೆಗೂ ಇದೇ ನಿಯಮ: ಕೆಳಗೆ ಬೀಮಿಲ್ಲದ ಕಡೆ, ಅಂಕಣದ ನಡುವೆ ಬೀಮಿಗೆ ಸಮಾಂತರವಾಗಿ ಇಟ್ಟಿಗೆ ಗೋಡೆ ಎಬ್ಬಿಸಬೇಡಿ.

ನಮ್ಮ ಕಡೆ ಎಲ್ಲಕ್ಕಿಂತ ಅಪಾಯದ ಸಂದರ್ಭ ಯಾವುದೆಂದು ಕೇಳಿದರೆ ನಾನು ವಿಸ್ತರಣೆ ಎನ್ನುತ್ತೇನೆ. ದುಡ್ಡಿದ್ದಷ್ಟು ಮೊದಲು ಕಟ್ಟಿ, ಮುಂದೆ ಬೆಳೆಸಲು ಕಂಬಿ ಹೊರಗೆ ಚಾಚಿ ಬಿಟ್ಟಿರುತ್ತೇವೆ. ಕೆಲವು ವರ್ಷದ ಮೇಲೆ ಪಕ್ಕಕ್ಕೆ ಇನ್ನೊಂದು ಅಂಕಣ ಸೇರಿಸುತ್ತೇವೆ. ಆ ದಿನದಿಂದ ಹಳೆಯ ಕೊನೆಯ ಬೀಮು ನಡುವಿನ ಬೀಮಾಗುತ್ತದೆ. ಅದಕ್ಕೆ ಒಂದೂವರೆ ಮೀಟರ್ ಪಾಲಿಗೆ ಕಂಬಿ ಇಟ್ಟಿತ್ತು, ಈಗ ಪಾಲು 3 ಮೀಟರ್. 990 ಇದ್ದದ್ದು 1980 ಆಯಿತು, ಮೇಲಿನ ಹೊರಗೋಡೆಯನ್ನೂ ತೆಗೆದಿರುವುದಿಲ್ಲ. ಎಲ್ಲ ಕೂಡಿದರೆ ಮೀಟರಿಗೆ 3400 ಕಿಲೋ, ಮೂಲ ಲೆಕ್ಕಕ್ಕಿಂತ ನೂರಕ್ಕೆ ನಲವತ್ತು ಹೆಚ್ಚು. ಮೂಲೆಯ ಪಿಲ್ಲರಿಗೂ ಅದರ ಪಾಯಕ್ಕೂ ಅದೇ ಗತಿ. ಹೊಸ ಅಂಕಣಕ್ಕೆ ಹಳೆಯ ಬೀಮನ್ನು ಬಳಸದೆ ಅದರ ಪಕ್ಕದಲ್ಲೇ ಹೊಸ ಪಿಲ್ಲರ್ ಮತ್ತು ಬೀಮು ನಿಲ್ಲಿಸಿ, ನಡುವೆ ಸಂದು ಬಿಡುವುದು ಸರಳ ಉಪಾಯ. ಖರ್ಚು ಸ್ವಲ್ಪ ಹೆಚ್ಚು, ಆದರೆ ಹಳೆಯ ಬೀಮಿನ ಲೆಕ್ಕ ಕೆಡುವುದಿಲ್ಲ.

ಇದನ್ನೆಲ್ಲ ಮುಂದೆ ಯಾರಾದರೂ ಪರೀಕ್ಷಿಸಬೇಕಾದರೆ ಅವರಿಗೆ ಮೊದಲು ಬೇಕಾಗುವುದು ಒಳಗೆ ಏನಿದೆ ಎನ್ನುವ ದಾಖಲೆ. ಗಟ್ಟಿಯಾದ ಕಾಂಕ್ರೀಟಿನೊಳಗಿನ ಕಂಬಿ ಬರಿಗಣ್ಣಿಗೆ ಕಾಣುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಒಂದು ವಿನಂತಿ: ಕಾಂಕ್ರೀಟ್ ಹಾಕುವ ಹಿಂದಿನ ದಿನ ಸ್ಲ್ಯಾಬಿನ, ಪ್ರತಿ ಬೀಮಿನ, ಪ್ರತಿ ಪಾಯದ ಕಂಬಿಯ ಫೋಟೊ ತೆಗೆಯಿರಿ, ಪಕ್ಕದಲ್ಲಿ ಟೇಪು ಹಿಡಿದು ಅಳತೆ ಕಾಣುವಂತೆ ತೆಗೆಯಿರಿ. ಆ ಫೋಟೊಗಳನ್ನು ಇಂಜಿನಿಯರ್ ಕೊಟ್ಟ ನಕ್ಷೆಯ ಜೊತೆ ಸೇರಿಸಿ ಮನೆಯ ರಿಜಿಸ್ಟ್ರೇಶನ್ ಕಾಗದ ಇಡುವ ಪೆಟ್ಟಿಗೆಯಲ್ಲೇ ಇಡಿ. ಮನೆಯನ್ನು ಮಕ್ಕಳಿಗೆ ಕೊಡುವಾಗ ಅದನ್ನೂ ಕೊಡಿ.